ಇನ್‌ವಾಯ್ಸ್‌ನ ಕೊನೆಯ ನಾಲ್ಕು ಸಾಲು

ರಫ್ತಿನ ಇನ್‌ವಾಯ್ಸ್ ನೋಡುವವರ ಕಣ್ಣು ಮೊದಲು ಸರಕಿನ ಹೆಸರಿನ ಮೇಲೆ, ಪೆಟ್ಟಿಗೆಗಳ ಲೆಕ್ಕದ ಮೇಲೆ, ಆಮೇಲೆ ನೇರವಾಗಿ ಒಟ್ಟು ಮೊತ್ತದ ಮೇಲೆ ಹೋಗುತ್ತದೆ. ನಡುವೆ ಇರುವ ಎರಡು ಮೂರು ಸಾಲುಗಳನ್ನು ಹೆಚ್ಚಿನವರು ಓದುವುದೇ ಇಲ್ಲ. ಹಡಗು ಬಾಡಿಗೆ ಇಷ್ಟು, ವಿಮೆ ಇಷ್ಟು, ವ್ಯಾಪಾರದ ಷರತ್ತು ಇಂಥದ್ದು ಎಂದು ಹೇಳುವ ಸಾಲುಗಳು ಅವು. ಕಸ್ಟಮ್ಸ್ ಅಧಿಕಾರಿ ಓದಲು ಶುರುಮಾಡುವುದು ಮಾತ್ರ ಅಲ್ಲಿಂದಲೇ.

ಒಂದು ಲೆಕ್ಕವನ್ನೇ ಮುಂದಿಟ್ಟುಕೊಂಡು ನೋಡೋಣ. ಮೈಸೂರಿನ ಅಗರಬತ್ತಿ ತಯಾರಕರೊಬ್ಬರು ಜರ್ಮನಿಯ ಹ್ಯಾಂಬರ್ಗ್‌ನ ಸಗಟು ವ್ಯಾಪಾರಿಗೆ ಇಪ್ಪತ್ತು ಅಡಿಯ ಒಂದು ಕಂಟೇನರ್ ಮಾಲು ಮಾರಿದ್ದಾರೆ ಎಂದುಕೊಳ್ಳಿ. ಅಂಕಿಗಳು ಉದಾಹರಣೆಗಾಗಿ ಇಟ್ಟುಕೊಂಡವು. ಕಾರ್ಖಾನೆಯ ಬಾಗಿಲಲ್ಲಿ ಮಾಲಿನ ಬೆಲೆ 17,100 ಡಾಲರ್. ಅದನ್ನು ಲಾರಿಯಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್ ಕಂಟೇನರ್ ಡಿಪೋಗೆ ತಂದು, ಅಲ್ಲಿಂದ ರೈಲಿನಲ್ಲಿ ಚೆನ್ನೈ ಬಂದರಿಗೆ ಸೇರಿಸಿ, ಹಡಗಿಗೆ ಏರಿಸುವವರೆಗಿನ ಖರ್ಚು 900. ಅಲ್ಲಿಗೆ 18,000 ಆಯಿತು. ಚೆನ್ನೈನಿಂದ ಹ್ಯಾಂಬರ್ಗ್‌ವರೆಗೆ ಹಡಗು ಬಾಡಿಗೆ 1,956, ವಿಮೆಯ ಪ್ರೀಮಿಯಂ 44. ಒಟ್ಟು 20,000 ಡಾಲರ್. ಇನ್‌ವಾಯ್ಸ್‌ನ ಕೆಳಗೆ ಬರುವ ನಾಲ್ಕು ಸಾಲುಗಳೆಂದರೆ ಎಫ್‌ಒಬಿ ಚೆನ್ನೈ 18,000, ಬಾಡಿಗೆ 1,956, ವಿಮೆ 44, ಸಿಐಎಫ್ ಹ್ಯಾಂಬರ್ಗ್ 20,000.

ಖರೀದಿದಾರ ಕೊಡಬೇಕಾದದ್ದು 20,000. ಬ್ಯಾಂಕಿಗೆ ಬರಬೇಕಾದದ್ದೂ ಅಷ್ಟೇ. ಹೀಗಿರುವಾಗ ಅದನ್ನು ಬಿಡಿಸಿ ಬರೆಯುವ ಕೆಲಸ ಏಕೆ? ಈ ಒಂದೇ ಬೆಲೆಯನ್ನು ಬೇರೆ ಬೇರೆ ದೇಶದ ಕಸ್ಟಮ್ಸ್ ಬೇರೆ ಬೇರೆ ಜಾಗದಲ್ಲಿ ಕತ್ತರಿಸಿ ನೋಡುತ್ತವೆ. ಎಲ್ಲಿ ಕತ್ತರಿಸಬೇಕು ಎಂಬುದು ಈ ಸಾಲುಗಳಿಲ್ಲದೆ ಅವರಿಗೆ ತಿಳಿಯುವುದಿಲ್ಲ.

ಮೊದಲು ಷರತ್ತಿನ ಮಾತು. ಎಫ್‌ಒಬಿ, ಸಿಐಎಫ್ ಮೊದಲಾದವುಗಳಿಗೆ ಇನ್‌ಕೋಟರ್ಮ್ಸ್ ಎಂದು ಹೆಸರು. ಪ್ಯಾರಿಸ್‌ನಲ್ಲಿರುವ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ ಇವುಗಳನ್ನು ಮೊದಲ ಬಾರಿಗೆ ಹೊರತಂದದ್ದು 1936ರಲ್ಲಿ. ಈಗ ಬಳಕೆಯಲ್ಲಿರುವುದು 2020ರ ಆವೃತ್ತಿ, ಅದರಲ್ಲಿ ಒಟ್ಟು 11 ಷರತ್ತುಗಳಿವೆ. ಪ್ರತಿಯೊಂದೂ ಎರಡು ಪ್ರಶ್ನೆಗಳಿಗೆ ಉತ್ತರ ಕೊಡುತ್ತದೆ. ಯಾವ ಹಂತದವರೆಗಿನ ಖರ್ಚು ಮಾರುವವರದು? ಯಾವ ಹಂತದವರೆಗೆ ಮಾಲು ಹಾಳಾದರೆ ನಷ್ಟ ಮಾರುವವರದು? ಈ ಎರಡು ಉತ್ತರಗಳು ಒಂದೇ ಆಗಿರಬೇಕಿಲ್ಲ. ಹೊಸಬರು ಎಡವುವುದು ಇಲ್ಲಿಯೇ.

ಸಿಐಎಫ್ ಹ್ಯಾಂಬರ್ಗ್ ಎಂದರೆ ಹ್ಯಾಂಬರ್ಗ್‌ವರೆಗೆ ಜವಾಬ್ದಾರಿ ನಮ್ಮದೇ ಎಂದು ಅನೇಕ ರಫ್ತುದಾರರು ತಿಳಿದಿದ್ದಾರೆ. ಹಾಗಲ್ಲ. ಹ್ಯಾಂಬರ್ಗ್‌ವರೆಗಿನ ಬಾಡಿಗೆ ಮತ್ತು ವಿಮೆಯ ಹಣ ಕಟ್ಟುವುದು ಮಾರುವವರ ಕೆಲಸ. ನಷ್ಟದ ಹೊಣೆ ಮಾತ್ರ ಚೆನ್ನೈಯಲ್ಲಿ ಮಾಲು ಹಡಗು ಏರಿದ ಗಳಿಗೆಯಲ್ಲೇ ಖರೀದಿದಾರನಿಗೆ ದಾಟುತ್ತದೆ. ಅರಬ್ಬಿ ಸಮುದ್ರದಲ್ಲಿ ಕಂಟೇನರ್‌ಗೆ ನೀರು ಹೊಕ್ಕು ಅಗರಬತ್ತಿ ಹಾಳಾದರೆ, ಮಾರುವವರು ಕೊಟ್ಟ ವಿಮೆಯ ಪತ್ರ ಹಿಡಿದು ಪರಿಹಾರ ಕೇಳಬೇಕಾದವನು ಖರೀದಿದಾರ. ಅವನು 20,000 ಡಾಲರ್ ಕೊಡುವುದು ತಪ್ಪುವುದಿಲ್ಲ.

ಅದಕ್ಕೇ ವಿಮೆ ಎಂಥದ್ದು ಎಂಬುದು ಮುಖ್ಯ. ಸಿಐಎಫ್‌ನಲ್ಲಿ ಮಾರುವವರು ಕರಾರಿನ ಬೆಲೆಗೆ ಶೇ. 10 ಸೇರಿಸಿ, ಅಂದರೆ ನಮ್ಮ ಲೆಕ್ಕದಲ್ಲಿ 22,000 ಡಾಲರಿಗೆ ವಿಮೆ ಮಾಡಿಸಬೇಕು. ಅದರ ಮೇಲೆ ನೂರಕ್ಕೆ 0.2ರಂತೆ 44 ಡಾಲರ್ ಬಂತು. ಆದರೆ ಬೇರೆ ಮಾತಾಗಿಲ್ಲದಿದ್ದರೆ ಅತ್ಯಂತ ಕಡಿಮೆ ರಕ್ಷಣೆಯ ‘ಸಿ’ ಕ್ಲಾಸ್ ಸಾಕು ಎನ್ನುತ್ತದೆ ನಿಯಮ. ಹಡಗು ಮುಳುಗಿದರೆ, ಬೆಂಕಿ ಬಿದ್ದರೆ, ಡಿಕ್ಕಿ ಹೊಡೆದರೆ ಆ ವಿಮೆ ಬರುತ್ತದೆ. ಕಳ್ಳತನಕ್ಕೆ, ಕಂಟೇನರ್ ಒಳಗೆ ಸೇರಿದ ಸಮುದ್ರದ ನೀರಿಗೆ ಬರುವುದಿಲ್ಲ. ಅಗರಬತ್ತಿಯಂತಹ ತೇವ ತಡೆಯದ ಸರಕಿಗೆ ವಿಸ್ತಾರವಾದ ‘ಎ’ ಕ್ಲಾಸ್ ವಿಮೆಯನ್ನೇ ಕೇಳಿ ಮಾಡಿಸಬೇಕು, ಅದನ್ನು ಕರಾರಿನಲ್ಲೇ ಬರೆಸಬೇಕು. ನಾಲ್ಕಾರು ಡಾಲರ್ ಉಳಿಸಲು ಹೋಗಿ ಖರೀದಿದಾರನನ್ನು ಕಳೆದುಕೊಳ್ಳುವುದು ದೊಡ್ಡ ನಷ್ಟ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆದರೂ ಕಡಿಮೆ ವಿಮೆಯೂ ಇಲ್ಲದಿರುವುದಕ್ಕಿಂತ ಎಷ್ಟೋ ಮೇಲು. 2021ರ ಮಾರ್ಚ್‌ನಲ್ಲಿ ಎವರ್ ಗಿವನ್ ಎಂಬ ದೈತ್ಯ ಹಡಗು ಸೂಯೆಜ್ ಕಾಲುವೆಗೆ ಅಡ್ಡಲಾಗಿ ಸಿಕ್ಕಿಬಿದ್ದುದು ಎಲ್ಲರಿಗೂ ನೆನಪಿದೆ. ಆಮೇಲೆ ನಡೆದದ್ದು ಅಷ್ಟು ಸುದ್ದಿಯಾಗಲಿಲ್ಲ. ಹಡಗಿನ ಮಾಲೀಕರು ‘ಜನರಲ್ ಆವರೇಜ್’ ಘೋಷಿಸಿದರು. ಹಡಗನ್ನೂ ಸರಕನ್ನೂ ಅಪಾಯದಿಂದ ಪಾರುಮಾಡಲು ಆದ ಖರ್ಚನ್ನು ಹಡಗಿನ ಮೇಲೆ ಸರಕಿದ್ದ ಎಲ್ಲರೂ ತಮ್ಮ ಸರಕಿನ ಬೆಲೆಗೆ ತಕ್ಕಂತೆ ಹಂಚಿಕೊಳ್ಳಬೇಕು ಎಂಬುದು ಅದರ ಅರ್ಥ. ತಮ್ಮ ಪೆಟ್ಟಿಗೆಗೆ ಒಂದು ಗೀರೂ ಬೀಳದಿದ್ದರೂ ಪಾಲು ಕೊಡಬೇಕು. ಸಿ ಕ್ಲಾಸ್ ವಿಮೆ ಇದ್ದವರಿಗೂ ಆ ಪಾಲನ್ನು ವಿಮಾ ಕಂಪನಿ ನೋಡಿಕೊಳ್ಳುತ್ತದೆ. ವಿಮೆಯೇ ಇಲ್ಲದವರು ನಗದು ಠೇವಣಿ ಇಟ್ಟ ಮೇಲೆಯೇ ಮಾಲು ಬಿಡಿಸಿಕೊಳ್ಳಬೇಕಾಗುತ್ತದೆ. ಆ ಪಾಲು ನಿಗದಿಯಾಗುವಾಗ ನೋಡುವ ಕಾಗದವೂ ಇದೇ ಇನ್‌ವಾಯ್ಸ್.

ಇನ್ನು ಕಸ್ಟಮ್ಸ್‌ಗೆ ಬರೋಣ. ಭಾರತದಿಂದ ಹೊರಡುವ ಸರಕಿನ ಬೆಲೆಯನ್ನು ಹೇಗೆ ಲೆಕ್ಕ ಹಾಕಬೇಕು ಎಂದು ಹೇಳುವುದು 1962ರ ಕಸ್ಟಮ್ಸ್ ಕಾಯಿದೆಯ 14ನೇ ಸೆಕ್ಷನ್ ಮತ್ತು ಅದರ ಕೆಳಗೆ ಬಂದ 2007ರ ರಫ್ತು ಮೌಲ್ಯಮಾಪನ ನಿಯಮಗಳು. ತಿರುಳು ಸರಳ. ಸರಕು ದೇಶ ಬಿಡುವ ಜಾಗದಲ್ಲಿ, ದೇಶ ಬಿಡುವ ಹೊತ್ತಿನಲ್ಲಿ ಅದಕ್ಕೆ ನಿಜವಾಗಿ ಕೊಟ್ಟ ಅಥವಾ ಕೊಡಬೇಕಾದ ಬೆಲೆಯೇ ಮೌಲ್ಯ. ಅಂದರೆ ನಮ್ಮ ಉದಾಹರಣೆಯ 18,000. ಹಡಗು ಬಾಡಿಗೆ, ಸಮುದ್ರದ ವಿಮೆ ಅದರಲ್ಲಿ ಸೇರುವುದಿಲ್ಲ. ಮೈಸೂರಿನಿಂದ ಚೆನ್ನೈವರೆಗಿನ 900 ಡಾಲರ್ ಸೇರುತ್ತದೆ. ಖರೀದಿದಾರನ ಜತೆ ಎಂಥ ಕರಾರೇ ಆಗಿರಲಿ, ನಮ್ಮ ಕಸ್ಟಮ್ಸ್ ಕೊನೆಗೆ ತಲುಪಬೇಕಾದ್ದು ಎಫ್‌ಒಬಿ ಮೊತ್ತಕ್ಕೆ. ಕಾರ್ಖಾನೆಯ ಬಾಗಿಲಲ್ಲೇ ಮಾರಿದ್ದರೆ ಒಳನಾಡಿನ ಖರ್ಚನ್ನು ಕೂಡಿಸಬೇಕು. ಸಿಐಎಫ್ ಆಗಿದ್ದರೆ ಬಾಡಿಗೆ ಮತ್ತು ವಿಮೆಯನ್ನು ಕಳೆಯಬೇಕು. ಶಿಪ್ಪಿಂಗ್ ಬಿಲ್‌ನಲ್ಲಿ ಕರಾರಿನ ಬಗೆ, ಬಾಡಿಗೆ, ವಿಮೆ, ರಿಯಾಯಿತಿ, ಕಮಿಷನ್ ಎಂದು ಬೇರೆ ಬೇರೆ ಮನೆಗಳಿರುವುದು ಇದಕ್ಕಾಗಿಯೇ.

ಬಹುಪಾಲು ಸರಕುಗಳಿಗೆ ರಫ್ತು ಸುಂಕವೇ ಇಲ್ಲವಲ್ಲ, ಹಾಗಾದರೆ ಬೆಲೆಯ ಗೊಡವೆ ಏಕೆ ಎಂದು ಕೇಳಬಹುದು. ಸುಂಕ ಒಳಬರುವುದಿಲ್ಲ ನಿಜ, ಹಣ ಹೊರಹೋಗುತ್ತದೆ. ರಫ್ತು ಮಾಡಿದ ವಸ್ತುವನ್ನು ತಯಾರಿಸುವಾಗ ತೆತ್ತ ಕಸ್ಟಮ್ಸ್ ಸುಂಕವನ್ನು ಸರ್ಕಾರ ಡ್ರಾಬ್ಯಾಕ್ ಎಂದು ಮರಳಿಸುತ್ತದೆ. ಬೇರೆ ದಾರಿಯಲ್ಲಿ ವಾಪಸಾಗದ ಸಣ್ಣಪುಟ್ಟ ತೆರಿಗೆಗಳಿಗಾಗಿ 2021ರ ಜನವರಿಯಿಂದ ರೋಡ್‌ಟೆಪ್ ಎಂಬ ಯೋಜನೆ ಇದೆ. ಎರಡನ್ನೂ ಸಾಮಾನ್ಯವಾಗಿ ಎಫ್‌ಒಬಿ ಬೆಲೆಯ ಮೇಲೆ ಶೇಕಡಾವಾರು ಲೆಕ್ಕದಲ್ಲಿ ಕೊಡುತ್ತಾರೆ. ಹಲವು ಸರಕುಗಳಿಗೆ ಕಿಲೋಗೆ ಅಥವಾ ನಗಕ್ಕೆ ಇಷ್ಟೇ ಎಂಬ ಮಿತಿಯೂ ಉಂಟು. ಡಾಲರನ್ನು ರೂಪಾಯಿಗೆ ತಿರುಗಿಸುವುದು ಬ್ಯಾಂಕಿನ ಅಂದಿನ ದರದಲ್ಲಲ್ಲ. ಶಿಪ್ಪಿಂಗ್ ಬಿಲ್ ಸಲ್ಲಿಸಿದ ದಿನ ಜಾರಿಯಲ್ಲಿರುವ ಕಸ್ಟಮ್ಸ್ ವಿನಿಮಯ ದರದಲ್ಲಿ.

ಡಾಲರ್‌ಗೆ 85 ರೂಪಾಯಿ, ಎರಡು ಸೌಲಭ್ಯವೂ ಸೇರಿ ಶೇ. 2 ಎಂದು ಇಟ್ಟುಕೊಳ್ಳೋಣ. 18,000 ಡಾಲರ್ ಎಂದರೆ 15,30,000 ರೂಪಾಯಿ, ಸಿಗುವುದು 30,600. ಈಗ ಅದೇ ರಫ್ತುದಾರರು ಬಾಡಿಗೆ ಮತ್ತು ವಿಮೆಯ ಮನೆಗಳಲ್ಲಿ ಸೊನ್ನೆ ತುಂಬಿ, 20,000 ಡಾಲರನ್ನೇ ಎಫ್‌ಒಬಿ ಎಂದು ತೋರಿಸಿದರು ಎನ್ನಿ. ಮೌಲ್ಯ 17,00,000 ಆಯಿತು, ಸಿಗುವುದು 34,000. ಒಂದು ಕಂಟೇನರ್‌ಗೆ 3,400 ರೂಪಾಯಿ ಹೆಚ್ಚು. ಹಡಗು ಕಂಪನಿಗೆ ಹೋಗುವ ಬಾಡಿಗೆಯ ಮೇಲೆ ಭಾರತದ ತೆರಿಗೆದಾರರ ಹಣ ಪ್ರೋತ್ಸಾಹಧನವಾಗಿ ಹೋಯಿತು. ವರ್ಷಕ್ಕೆ ನೂರು ಕಂಟೇನರ್ ಕಳಿಸುವವರ ವಿಷಯದಲ್ಲಿ ಇದು ಮೂರೂವರೆ ಲಕ್ಷದ ಹತ್ತಿರ ಹೋಗುತ್ತದೆ.

ಹೆಚ್ಚಿನ ಸಲ ಇದು ಬೇಕೆಂದೇ ಮಾಡಿದ್ದಾಗಿರುವುದಿಲ್ಲ. ಅಕೌಂಟ್ಸ್‌ನವರು ಇನ್‌ವಾಯ್ಸ್‌ನಲ್ಲಿ ಒಂದೇ ಮೊತ್ತ ಬರೆದಿರುತ್ತಾರೆ, ಕಸ್ಟಮ್ಸ್ ಬ್ರೋಕರ್ ಅದನ್ನೇ ಎತ್ತಿ ತುಂಬಿರುತ್ತಾರೆ. ಆದರೆ ಹೀಗಾದದ್ದು ಕಂಡುಹಿಡಿಯಲು ಕಷ್ಟವೇನಿಲ್ಲ. ಹಡಗು ಕಂಪನಿ ಕೊಡುವ ಬಿಲ್ ಆಫ್ ಲೇಡಿಂಗ್‌ನಲ್ಲಿ ‘ಫ್ರೇಟ್ ಪ್ರೀಪೇಯ್ಡ್’ ಅಥವಾ ‘ಫ್ರೇಟ್ ಕಲೆಕ್ಟ್’ ಎಂದು ಬರೆದಿರುತ್ತದೆ. ಮೊದಲನೆಯದು ಬಾಡಿಗೆ ಇಲ್ಲಿಯೇ ಕಟ್ಟಿದ್ದಾಯಿತು ಎಂಬುದಕ್ಕೆ, ಎರಡನೆಯದು ಅಲ್ಲಿ ಖರೀದಿದಾರ ಕಟ್ಟುತ್ತಾನೆ ಎಂಬುದಕ್ಕೆ. ಶಿಪ್ಪಿಂಗ್ ಬಿಲ್‌ನಲ್ಲಿ ಎಫ್‌ಒಬಿ ಎಂದಿದ್ದು, ಬಿಲ್ ಆಫ್ ಲೇಡಿಂಗ್‌ನಲ್ಲಿ ಪ್ರೀಪೇಯ್ಡ್ ಎಂದಿದ್ದರೆ ಎರಡು ಕಾಗದಗಳು ಒಂದನ್ನೊಂದು ಅಲ್ಲಗಳೆಯುತ್ತಿವೆ ಎಂದೇ ಅರ್ಥ. ನೋಡಬಲ್ಲ ಅಧಿಕಾರಿಗೆ ಇಷ್ಟು ಸಾಕು. ಆಮೇಲೆ ರಫ್ತುದಾರರ ಲೆಕ್ಕಪುಸ್ತಕದಲ್ಲಿ ಹಡಗು ಕಂಪನಿಗೆ ಕಟ್ಟಿದ ಬಾಡಿಗೆಯ ಬಿಲ್ ಇದ್ದೇ ಇರುತ್ತದೆ.

ಸಮುದ್ರದಾಚೆ ಇದೇ ಇನ್‌ವಾಯ್ಸ್‌ಗೆ ಬೇರೆ ಓದು. ಜಾಗತಿಕ ವ್ಯಾಪಾರ ಸಂಸ್ಥೆಯ ಮೌಲ್ಯಮಾಪನ ಒಪ್ಪಂದದ ಪ್ರಕಾರ ಎಲ್ಲ ಸದಸ್ಯ ದೇಶಗಳೂ ಮೊದಲು ನೋಡಬೇಕಾದದ್ದು ವಹಿವಾಟಿನ ನಿಜವಾದ ಬೆಲೆಯನ್ನೇ. ಬಾಡಿಗೆ ಮತ್ತು ವಿಮೆಯನ್ನು ಆ ಬೆಲೆಗೆ ಸೇರಿಸಬೇಕೋ ಬಿಡಬೇಕೋ ಎಂಬುದನ್ನು ಮಾತ್ರ ಆಯಾ ದೇಶಕ್ಕೇ ಬಿಟ್ಟುಕೊಟ್ಟಿದೆ. ಯುರೋಪಿಯನ್ ಒಕ್ಕೂಟ ಸೇರಿಸುತ್ತದೆ. ಆಮದಿನ ವಿಷಯದಲ್ಲಿ ಭಾರತವೂ ಸೇರಿಸುತ್ತದೆ. ಅಮೆರಿಕ ಬಿಡುತ್ತದೆ.

ಹ್ಯಾಂಬರ್ಗ್‌ನ ಕಸ್ಟಮ್ಸ್ ನಮ್ಮ ಅಗರಬತ್ತಿಗೆ ಸುಂಕ ಹಾಕುವುದು 20,000 ಡಾಲರ್ ಮೇಲೆ. ದರ ಶೇ. 6 ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ 1,200 ಡಾಲರ್. ಎಫ್‌ಒಬಿಯಲ್ಲಿ ಖರೀದಿಸಿದರೆ ಸುಂಕ ಉಳಿಯುತ್ತದೆ ಎಂದು ಕೆಲವು ಖರೀದಿದಾರರು ನಂಬಿರುತ್ತಾರೆ. ಉಳಿಯುವುದಿಲ್ಲ. ಇನ್‌ವಾಯ್ಸ್ 18,000ಕ್ಕೆ ಇದ್ದರೆ, ಖರೀದಿದಾರ ತಾನೇ ಕಟ್ಟಿದ ಬಾಡಿಗೆ ಮತ್ತು ವಿಮೆಯನ್ನು ಅಲ್ಲಿನ ಘೋಷಣೆಯಲ್ಲಿ ಸೇರಿಸಿ 20,000ಕ್ಕೆ ತರಬೇಕು. ಜರ್ಮನಿಯಲ್ಲಿ ಈ ಮೌಲ್ಯ ಮತ್ತು ಸುಂಕ ಕೂಡಿದ ಮೇಲೆ ಆಮದಿನ ವ್ಯಾಟ್ ಬೇರೆ ಬೀಳುತ್ತದೆ.

ಅದೇ ಕಂಟೇನರ್ ನ್ಯೂಯಾರ್ಕ್‌ಗೆ ಹೋಗಿದೆ ಎಂದುಕೊಳ್ಳಿ, ಬಾಡಿಗೆಯೂ ಅಷ್ಟೇ ಎನ್ನಿ. ಅಲ್ಲಿ ಸುಂಕ 18,000 ಡಾಲರ್ ಮೇಲೆ ಮಾತ್ರ. ಆದರೆ ಇನ್‌ವಾಯ್ಸ್‌ನಲ್ಲಿ ಬಾಡಿಗೆಯನ್ನು ಬಿಡಿಸಿ ಬರೆಯದೆ ಒಂದೇ ಸಾಲಿನಲ್ಲಿ 20,000 ಎಂದಿದ್ದರೆ, ಕಳೆಯುವುದಕ್ಕೆ ಆಧಾರವಿಲ್ಲದೆ ಪೂರ್ತಿ ಮೊತ್ತಕ್ಕೇ ಸುಂಕ ಬೀಳಬಹುದು. ಅಂದಾಜಿನ ಬಾಡಿಗೆಯನ್ನು ಅಮೆರಿಕದ ಕಸ್ಟಮ್ಸ್ ಒಪ್ಪುವುದಿಲ್ಲ, ನಿಜವಾಗಿ ಕಟ್ಟಿದ್ದನ್ನೇ ತೋರಿಸಬೇಕು. ಸುಂಕದ ದರ ಏರಿದಂತೆಲ್ಲ ಅಲ್ಲಿನ ಖರೀದಿದಾರರಿಗೆ ಈ ಸಾಲು ಹೆಚ್ಚು ಹೆಚ್ಚು ಬೆಲೆಯುಳ್ಳದ್ದಾಗುತ್ತದೆ. ಬಿಡಿಸಿ ಬರೆದುಕೊಡಿ ಎಂದು ಅವರು ಮತ್ತೆ ಮತ್ತೆ ಕೇಳುವುದು ಸುಮ್ಮನೆ ಅಲ್ಲ.

ಈ ಎರಡು ಓದುಗಳನ್ನು ಅಕ್ಕಪಕ್ಕ ಇಟ್ಟರೆ ಒಂದು ವಿಚಿತ್ರ ಕಾಣುತ್ತದೆ. ಒಟ್ಟು ಮೊತ್ತ 20,000 ಆಗಿಯೇ ಉಳಿದರೂ ಒಳಗಿನ ಹಂಚಿಕೆಯನ್ನು ಬದಲಿಸುವ ಆಸೆ ಎರಡೂ ಕಡೆ ಹುಟ್ಟುತ್ತದೆ, ಅದೂ ಎದುರುಬದುರು ದಿಕ್ಕಿನಲ್ಲಿ. ಇಲ್ಲಿನ ರಫ್ತುದಾರನಿಗೆ ಬಾಡಿಗೆ ಕಡಿಮೆ ಕಂಡಷ್ಟೂ ಲಾಭ, ಎಫ್‌ಒಬಿ ಮೇಲೇರುತ್ತದೆ. ಅಮೆರಿಕದ ಆಮದುದಾರನಿಗೆ ಬಾಡಿಗೆ ಹೆಚ್ಚು ಕಂಡಷ್ಟೂ ಲಾಭ, ಸುಂಕ ಬೀಳುವ ಬೆಲೆ ಇಳಿಯುತ್ತದೆ. ಸರಕು 16,000, ಬಾಡಿಗೆ 3,956 ಎಂದು ಬರೆದುಕೊಡಿ ಎಂಬ ಕೋರಿಕೆ ಬಂದರೆ ಅದರ ಹಿಂದಿನ ಕಾರಣ ಇದು. ಬ್ಯಾಂಕಿಗೆ ಇದು ಕಾಣುವುದಿಲ್ಲ, ಅಲ್ಲಿಗೆ ಎರಡು ರೀತಿಯಲ್ಲೂ 20,000 ಬಂದಿರುತ್ತದೆ. ಕಾಣಿಸಿಕೊಡುವುದು ಹಡಗು ಕಂಪನಿಯ ಬಿಲ್ ಒಂದೇ. ಆ ಬಿಲ್ ಬರೆದವರಿಗೆ ಈ ಎರಡೂ ಲಾಭಗಳಲ್ಲಿ ಪಾಲಿಲ್ಲ. ಹಾಗಾಗಿ ಎರಡು ದೇಶಗಳ ಅಧಿಕಾರಿಗಳೂ ಅದನ್ನೇ ನಂಬುತ್ತಾರೆ.

ಹಂಚಿಕೆಯಲ್ಲ, ಒಟ್ಟು ಮೊತ್ತವನ್ನೇ ಇಳಿಸಿ ಎಂಬ ಕೋರಿಕೆ ಇನ್ನೂ ಹೆಚ್ಚು. ‘ಇನ್‌ವಾಯ್ಸ್ ಅರ್ಧಕ್ಕೆ ಮಾಡಿ ಸಾರ್, ಉಳಿದದ್ದು ಬೇರೆ ದಾರಿಯಲ್ಲಿ ಕಳಿಸುತ್ತೇವೆ’ ಎನ್ನುವ ಖರೀದಿದಾರರನ್ನು ಕಾಣದ ರಫ್ತುದಾರರು ಕಡಿಮೆ. ಒಪ್ಪಿಕೊಂಡರೆ ಸಿಕ್ಕಿಬೀಳುವವರು ಇಲ್ಲಿನವರು. ಶಿಪ್ಪಿಂಗ್ ಬಿಲ್‌ನ ಮೊತ್ತ ತಾನಾಗಿಯೇ ರಿಸರ್ವ್ ಬ್ಯಾಂಕಿನ ವ್ಯವಸ್ಥೆಗೆ ಹೋಗಿರುತ್ತದೆ, ಪ್ರತಿ ಶಿಪ್ಪಿಂಗ್ ಬಿಲ್‌ಗೂ ಅಷ್ಟು ಹಣ ನಿಗದಿತ ಅವಧಿಯೊಳಗೆ ಬಂತೇ ಎಂದು ಬ್ಯಾಂಕ್ ಹೊಂದಿಸಿ ನೋಡುತ್ತದೆ. ಉಳಿದರ್ಧ ಬಂದರೆ ಯಾವ ಲೆಕ್ಕಕ್ಕೂ ಸೇರದ ವಿದೇಶಿ ಹಣ, ಬಾರದಿದ್ದರೆ ವಸೂಲಿಗೆ ಕಾಗದವೇ ಇಲ್ಲ. ಡ್ರಾಬ್ಯಾಕ್ ಅರ್ಧವಾಗುತ್ತದೆ. ಜಿಎಸ್‌ಟಿಯಲ್ಲಿ ತೆರಿಗೆ ಕಟ್ಟದೆ ರಫ್ತು ಮಾಡಿ ಇನ್‌ಪುಟ್ ತೆರಿಗೆ ಮರಳಿ ಕೇಳುವವರಿಗೆ ಶಿಪ್ಪಿಂಗ್ ಬಿಲ್‌ನ ಎಫ್‌ಒಬಿ ಮತ್ತು ತೆರಿಗೆ ಇನ್‌ವಾಯ್ಸ್‌ನ ಬೆಲೆ ಎರಡರಲ್ಲಿ ಕಡಿಮೆಯಿರುವುದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ವಿಮೆಯ ಪರಿಹಾರವೂ ಕಾಗದದಲ್ಲಿ ಇದ್ದಷ್ಟಕ್ಕೇ.

ಬೆಲೆಯನ್ನು ಉಬ್ಬಿಸಿ ತೋರಿಸಿದರೆ ಏನಾಗುತ್ತದೆ ಎಂಬುದನ್ನು 2007ರ ನಿಯಮಗಳು ಹಂತ ಹಂತವಾಗಿ ಹೇಳುತ್ತವೆ. ಅದೇ ಬಗೆಯ ಸರಕು ಅದೇ ಕಾಲದಲ್ಲಿ, ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಬೇರೆಯವರಿಂದ ಹೋದ ಬೆಲೆಗೂ ಇದಕ್ಕೂ ತುಂಬ ಅಂತರವಿದ್ದರೆ, ಅಥವಾ ದೇಶದ ಮಾರುಕಟ್ಟೆಯ ಬೆಲೆಗಿಂತ ತೀರಾ ಹೆಚ್ಚಿದ್ದರೆ ಅಧಿಕಾರಿಗೆ ಸಂಶಯಪಡಲು ಕಾರಣವಿದೆ. ಶಿಪ್ಪಿಂಗ್ ಬಿಲ್‌ನಲ್ಲಿ ಇಲ್ಲಿನ ಮಾರುಕಟ್ಟೆ ಬೆಲೆಯನ್ನೂ ರಫ್ತುದಾರರಿಂದಲೇ ಬರೆಸಿಕೊಳ್ಳುವುದು ಈ ಹೋಲಿಕೆಗಾಗಿ. ಸಂಶಯ ಬಂದ ಕೂಡಲೇ ಬೆಲೆಯನ್ನು ತಳ್ಳಿಹಾಕುವಂತಿಲ್ಲ. ಮೊದಲು ದಾಖಲೆ, ವಿವರಣೆ ಕೇಳಬೇಕು. ಅದರಿಂದಲೂ ಸಮಾಧಾನವಾಗದಿದ್ದರೆ ಘೋಷಿಸಿದ ಬೆಲೆ ಬದಿಗೆ ಸರಿಯುತ್ತದೆ. ಆಗ ಹೋಲಿಕೆಯ ಸರಕಿನ ಬೆಲೆ, ಅದು ಸಿಗದಿದ್ದರೆ ತಯಾರಿಕೆಯ ಖರ್ಚಿಗೆ ಲಾಭ ಸೇರಿಸಿದ ಬೆಲೆ, ಹೀಗೆ ಒಂದರ ನಂತರ ಒಂದನ್ನು ನೋಡುತ್ತಾರೆ. ಸುಳ್ಳು ಘೋಷಣೆ ಎಂದು ಸಾಬೀತಾದರೆ ಸರಕಿನ ಮುಟ್ಟುಗೋಲು ಮತ್ತು ದಂಡದ ಸೆಕ್ಷನ್‌ಗಳು ಬೇರೆ ಇವೆ. ಕೊಟ್ಟ ಡ್ರಾಬ್ಯಾಕ್ ಬಡ್ಡಿ ಸಹಿತ ವಾಪಸ್ ಹೋಗುತ್ತದೆ.

ಮಾದರಿಗೆಂದು ಪುಕ್ಕಟೆ ಕಳಿಸುವ ನಾಲ್ಕು ಪೆಟ್ಟಿಗೆಗೂ ಬೆಲೆ ಬರೆಯಲೇಬೇಕು ಎಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ. ಹಣ ಬರುವುದಿಲ್ಲ ಎಂದು ಸೊನ್ನೆ ಬರೆದರೆ ಆಚೆ ಕಡೆಯ ಕಸ್ಟಮ್ಸ್‌ನಲ್ಲಿ ಪಾರ್ಸೆಲ್ ನಿಂತುಬಿಡಬಹುದು. ನ್ಯಾಯವಾದ ಬೆಲೆ ಬರೆದು, ಕಸ್ಟಮ್ಸ್ ಉದ್ದೇಶಕ್ಕಾಗಿ ಮಾತ್ರ ಎಂದು ಪಕ್ಕದಲ್ಲಿ ನಮೂದಿಸುವುದು ರೂಢಿ.

ಕರಾರಿನಲ್ಲಿ ಯಾವ ಷರತ್ತು ಹಾಕಿಕೊಳ್ಳಬೇಕು ಎಂಬುದಕ್ಕೆ ಬೆಂಗಳೂರು, ಮೈಸೂರಿನಂತಹ ಒಳನಾಡಿನವರು ಇನ್ನೊಂದು ಸಂಗತಿ ಗಮನಿಸಬೇಕು. ಕಂಟೇನರ್ ವೈಟ್‌ಫೀಲ್ಡ್‌ನಲ್ಲಿ ಸಾಗಣೆದಾರರ ಕೈಸೇರಿದ ಮೇಲೆ ಅದು ರೈಲಿನಲ್ಲಿ, ಬಂದರಿನ ಯಾರ್ಡ್‌ನಲ್ಲಿ ದಿನಗಟ್ಟಲೆ ಇರುತ್ತದೆ. ಎಫ್‌ಒಬಿ ಚೆನ್ನೈ ಎಂದು ಒಪ್ಪಿದ್ದರೆ ಅಷ್ಟು ದಿನವೂ ನಷ್ಟದ ಹೊಣೆ ಮಾರುವವರದು, ಮಾಲು ಮಾತ್ರ ಅವರ ಕೈಯಲ್ಲಿಲ್ಲ. ಕಂಟೇನರ್ ಸರಕಿಗೆ ಎಫ್‌ಸಿಎ ಎಂಬ ಷರತ್ತು ಹೆಚ್ಚು ಹೊಂದುತ್ತದೆ ಎಂದು ವಾಣಿಜ್ಯ ಮಂಡಳಿಯೇ ಹೇಳುತ್ತದೆ. ಅದರಲ್ಲಿ ಹೊಣೆ ವೈಟ್‌ಫೀಲ್ಡ್‌ನಲ್ಲೇ ದಾಟುವಂತೆ ಬರೆದುಕೊಳ್ಳಬಹುದು. ಎಲ್ಲ ಸೌಲಭ್ಯಗಳೂ ಎಫ್‌ಒಬಿ ಲೆಕ್ಕದಲ್ಲಿ ಬರುವುದರಿಂದ ಕರಾರೂ ಎಫ್‌ಒಬಿಯೇ ಆಗಿರಬೇಕು ಎಂದುಕೊಂಡು ನಮ್ಮವರು ಹಳೆಯದನ್ನೇ ಮುಂದುವರಿಸುತ್ತಾರೆ. ಹಾಗೇನೂ ಇಲ್ಲ. ಕರಾರು ಎಫ್‌ಸಿಎ ಇದ್ದರೂ, ಚೆನ್ನೈವರೆಗಿನ ಖರ್ಚು ಸೇರಿಸಿ ಎಫ್‌ಒಬಿ ಮೌಲ್ಯವನ್ನು ಕಸ್ಟಮ್ಸ್‌ಗೆ ಘೋಷಿಸಬಹುದು.

ಸಿಐಎಫ್‌ನಲ್ಲಿ ಮಾರುವವರು ಹೆದರಬೇಕಾದದ್ದು ಬಾಡಿಗೆಯ ಏರಿಳಿತಕ್ಕೆ. ಕರಾರು ಮಾಡಿಕೊಂಡ ದಿನ 1,956 ಇದ್ದ ಬಾಡಿಗೆ ಹಡಗು ಹೊರಡುವ ಹೊತ್ತಿಗೆ ಎರಡು ಪಟ್ಟಾಗಬಹುದು. 2021ರಲ್ಲಿ ಕಂಟೇನರ್‌ಗಳ ಅಭಾವದಿಂದ, 2023ರ ಕೊನೆಯಿಂದ ಕೆಂಪು ಸಮುದ್ರದ ದಾಳಿಗಳಿಗೆ ಅಂಜಿ ಹಡಗುಗಳು ಆಫ್ರಿಕಾದ ತುದಿಯನ್ನು ಸುತ್ತಿ ಹೋಗತೊಡಗಿದಾಗ ಹೀಗೆಯೇ ಆಯಿತು. ಖರೀದಿದಾರ ಒಪ್ಪಿದ್ದು 20,000ಕ್ಕೆ, ಬಾಡಿಗೆ 3,956 ಆದರೆ ಉಳಿಯುವುದು 16,000. ಕಸ್ಟಮ್ಸ್‌ಗೆ ಘೋಷಿಸಬೇಕಾದ ಎಫ್‌ಒಬಿಯೂ ಆಗ 16,000ವೇ, ಹಳೆಯ 18,000 ಅಲ್ಲ. ನಷ್ಟದ ಮೇಲೆ ಡ್ರಾಬ್ಯಾಕ್ ಕೂಡ ಇಳಿಯುವುದು ರಫ್ತುದಾರರಿಗೆ ಕಹಿಯೇ. ಆದರೆ ಸರಕಿಗೆ ನಿಜವಾಗಿ ಸಿಕ್ಕ ಬೆಲೆ ಅಷ್ಟೇ.

ಶಿಪ್ಪಿಂಗ್ ಬಿಲ್ ಸಲ್ಲಿಸುವಾಗ ಬಾಡಿಗೆಯ ಅಂತಿಮ ಬಿಲ್ ಕೈಯಲ್ಲಿ ಇಲ್ಲದಿರುವುದು ಸಾಮಾನ್ಯ. ಹಡಗು ಕಂಪನಿಯ ಅಥವಾ ಫಾರ್ವರ್ಡರ್‌ನ ದರವನ್ನು ಅದಕ್ಕೆ ಮುಂಚೆ ಬರಹದಲ್ಲಿ ತರಿಸಿಕೊಂಡು ಅದನ್ನೇ ತುಂಬಬೇಕು. ಆಮೇಲೆ ಮೊತ್ತ ಬದಲಾದರೆ ಕಸ್ಟಮ್ಸ್ ಕಾಯಿದೆಯ 149ನೇ ಸೆಕ್ಷನ್‌ನಲ್ಲಿ ತಿದ್ದುಪಡಿ ಕೇಳಬಹುದು. ಸರಕು ಹೊರಟುಹೋದ ಮೇಲೆ ಕೇಳುವ ತಿದ್ದುಪಡಿಗೆ ಅದು ಹೊರಡುವಾಗಲೇ ಇದ್ದ ದಾಖಲೆಯೇ ಆಧಾರವಾಗಬೇಕು ಎಂದು ಆ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ. ಆ ದಿನಾಂಕದ ದರಪತ್ರ, ಬುಕಿಂಗ್ ಪತ್ರ, ವಿಮೆಯ ಪಾಲಿಸಿ, ಇವಿಷ್ಟನ್ನು ಶಿಪ್ಪಿಂಗ್ ಬಿಲ್ ಜತೆಗೇ ಒಂದು ಫೈಲಿನಲ್ಲಿ ಸೇರಿಸಿಟ್ಟವರು ಅರ್ಜಿ ಹಾಕಬಹುದು. ಆಮೇಲೆ ಬರೆಸಿಕೊಂಡ ಪತ್ರವನ್ನು ಅಲ್ಲಿ ಯಾರೂ ನೋಡುವುದಿಲ್ಲ.